ಖಾಲಿ ಅಂತ ಯಾರು ಹೇಳಿದ್ದು?

(ನಮ್ಮೂರ ಗ್ರಂಥಾಲಯದಲ್ಲಿ ಆಡಿದ ಮಾತಿನ ಬರಹ ರೂಪ. ಮಾತಿನ ಓಟವನ್ನು ಆದಷ್ಟು ಹಾಗೇ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಇವತ್ತು ಒಂದು ಕಥೆ ಹೇಳುತ್ತೇನೆ. ನಾನೇ ಕಟ್ಟಿದ ಕಥೆ. ಅದರೊಳಗಿನ ಸುಬೇದಾರರೂ ಹುಡುಗನೂ ಕಲ್ಪನೆಯ ಮನುಷ್ಯರು. ಆದರೆ ಅವರ ಕೈ ಮಾಡುವ ಒಂದೊಂದು ಕೆಲಸವೂ ಗುಂಡು ಹೊಡೆಯಲು ಕಲಿಸುವ ರೈಫಲ್ ರೇಂಜಿನಲ್ಲಿ ನಾನು ಕಣ್ಣಾರೆ ಕಂಡದ್ದು, ಮಾಡಿದ್ದು, ಮಕ್ಕಳಿಂದ ಮಾಡಿಸಿದ್ದು. ಪಿಯು ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳಿಕೊಡುತ್ತ, ಜೊತೆಗೆ ಎನ್‌ಸಿಸಿಯ ಹೊಣೆಯನ್ನೂ ಹೊತ್ತು ಬಂದವನು ನಾನು. ಹಾಗಾಗಿ ಕಥೆಯ ನಡುನಡುವೆ ನಿಲ್ಲಿಸಿ ಯಾಕೆ ಹೀಗೆ ಅಂತ ಹೇಳದೆ ಇರುವುದು ನನ್ನಿಂದಾಗದು. ಸಹಿಸಿಕೊಳ್ಳಿ.

ಕಥೆ ನಡೆಯುವುದು ಕೊಡಗಿನಲ್ಲಿ. ಕೋವಿ ಅಲ್ಲಿ ಹೊರಗಿನಿಂದ ಬಂದ ವಸ್ತುವಲ್ಲ. ಮಗು ಹುಟ್ಟಿದರೆ ಆಕಾಶಕ್ಕೊಂದು ಈಡು, ಸಾವಾದರೆ ಈಡು, ಆಯುಧಪೂಜೆಯ ಹಬ್ಬ ಕೈಲ್‌ಪೊಳ್ದ್ ಬಂದರೆ ಕೋವಿಗೆ ಹೂವಿಟ್ಟು ಪೂಜೆ. 1959ರ ಆಯುಧ ಕಾಯ್ದೆಯಡಿ ಕೊಡವರಿಗೂ ವಂಶಪಾರಂಪರ್ಯವಾಗಿ ಬಂದ ಜಮ್ಮಾ ಭೂಮಿಯ ಹಿಡುವಳಿದಾರರಿಗೂ ಪರವಾನಗಿಯಿಂದ ವಿನಾಯಿತಿ ಇರುವುದು ನಿಮಗೆ ಗೊತ್ತೇ ಇದೆ. ಹೀಗೆ ಗೋಡೆಯ ಮೇಲೆ ಕೋವಿ ನೋಡುತ್ತಲೇ ಬೆಳೆದ ಮನೆಯಲ್ಲಿ ಅದಕ್ಕೆ ಹೆದರುವ ಒಬ್ಬ ಹುಡುಗನಿದ್ದ. ಹದಿನೈದು ವರ್ಷ. ಕಥೆಗಾಗಿ ಅವನನ್ನು ಚಂಗಪ್ಪ ಅನ್ನೋಣ. ಮನೆಯಲ್ಲಿ ಚಂಗು.

ಅವನ ಹೆದರಿಕೆಗೆ ಕಾರಣವಿತ್ತು. ಎರಡು ವರ್ಷದ ಹಿಂದೆ, ಹಬ್ಬದ ಮುನ್ನಾದಿನ, ಚಿಕ್ಕಪ್ಪ ಜಗಲಿಯಲ್ಲಿ ಕೂತು ಜೋಡುನಳಿಗೆ ಕೋವಿ ಒರೆಸುತ್ತಿದ್ದರು. ಚಂಗು ಎಣ್ಣೆಯ ಬಟ್ಟಲು ಹಿಡಿದು ಪಕ್ಕದಲ್ಲೇ ನಿಂತಿದ್ದ. "ಖಾಲಿ ಇದೆ, ಹೆದರಬೇಡ" ಅಂದರು ಚಿಕ್ಕಪ್ಪ. ಮರುಕ್ಷಣ ಹೆಂಚು ಒಡೆದು ತಲೆಯ ಮೇಲೆ ಸುರಿಯಿತು. ಯಾರಿಗೂ ಏನೂ ಆಗಲಿಲ್ಲ. ಮಾಡಿನಲ್ಲಿ ತಟ್ಟೆಯಗಲದ ತೂತಾಯಿತು, ಅದರಿಂದ ಮಳೆಗಾಲದ ಬೆಳಕು ಒಳಗೆ ಬಿತ್ತು. ಹೆಂಚು ಹೊಸದಾಗಿ ಹಾಕಿಸಿದರು. ಚಂಗುವಿನ ಕಿವಿಯಲ್ಲಿ ಮಾತ್ರ ಎರಡು ದಿನ ಗುಯ್ ಅನ್ನುತ್ತಿತ್ತು. ಅದಾದ ಮೇಲೆ ಕೋವಿ ಇರುವ ಕೋಣೆಯಲ್ಲಿ ಅವನು ಬೆನ್ನು ಗೋಡೆಗೆ ಕೊಟ್ಟೇ ಕೂರುತ್ತಿದ್ದ.

ಇಂಥ ಮಗುವನ್ನು ರೇಂಜಿಗೆ ಕಳಿಸಬೇಕೇ ಅಂತ ನೀವು ಕೇಳಬಹುದು. ಅವನ ಅಮ್ಮನ ಲೆಕ್ಕ ಬೇರೆ ಇತ್ತು. ಮನೆಯಲ್ಲಿ ಕೋವಿ ಇರುವುದು ತಪ್ಪದು, ಮಗ ಅದರ ಪಕ್ಕದಲ್ಲೇ ಬದುಕಬೇಕು, ಹಾಗಾದರೆ ಅದು ಏನು ಅಂತ ತಿಳಿದೇ ಬದುಕಲಿ. ಇಪ್ಪತ್ತೊಂದು ತುಂಬದವರು ಬಂದೂಕು ಇಟ್ಟುಕೊಳ್ಳುವ ಹಾಗಿಲ್ಲ ಅನ್ನುವ ಕಾಯ್ದೆಯೇ ತರಬೇತಿಯಲ್ಲಿ ಬಳಸುವುದಕ್ಕೆ ಬೇರೆ ದಾರಿ ಬಿಟ್ಟಿದೆ. ಆಕೆ ಕೈಹಿಡಿದು ಕರೆದುಕೊಂಡು ಹೋದದ್ದು ಊರಾಚೆ ಗುಡ್ಡದ ಮಗ್ಗುಲಿನ ರೈಫಲ್ ರೇಂಜಿಗೆ. ಅಲ್ಲಿ ಕಲಿಸುತ್ತಿದ್ದವರು ಸೇನೆಯಿಂದ ನಿವೃತ್ತರಾದ ಸುಬೇದಾರರು. ಮಕ್ಕಳಿಗೆಲ್ಲ ಸುಬೇದಾರಜ್ಜ.

ಮೊದಲ ದಿನ ಸುಬೇದಾರಜ್ಜ ಒಂದೂ ತೋಟೆ ಹೊರಗೆ ತೆಗೆಯಲಿಲ್ಲ. ಮೇಜಿನ ಮೇಲೆ ಪಾಯಿಂಟ್ ಟೂ ಟೂ ರೈಫಲ್ ಇತ್ತು. ಒಂದು ಸಲಕ್ಕೆ ಒಂದೇ ತೋಟೆ ಹಿಡಿಯುವ, ಬೋಲ್ಟ್ ಎಳೆದು ತುಂಬುವ ಸಾದಾ ರೈಫಲ್ಲು. ನಳಿಗೆಯ ಬಾಯಿ ಗುಂಡು ತಡೆಯುವ ಮಣ್ಣಿನ ದಿಬ್ಬದ ಕಡೆಗೆ, ಬೋಲ್ಟ್ ಹಿಂದಕ್ಕೆ.

"ಇದು ಖಾಲಿಯೋ, ತುಂಬಿದೆಯೋ?"

"ಖಾಲಿ, ಅಜ್ಜ."

"ಯಾರು ಹೇಳಿದ್ದು?"

ಚಂಗು ಅಮ್ಮನ ಮುಖ ನೋಡಿದ. "ನೀವು ಖಾಲಿ ಇಲ್ಲದೆ ಮೇಜಿನ ಮೇಲೆ ಇಡ್ತೀರಾ?"

"ನಾನು ಇಡೋದಿಲ್ಲ ಅಂತ ನಿಂಗೆ ಹೇಗೆ ಗೊತ್ತು? ಇವತ್ತು ಬೆಳಿಗ್ಗೆ ನನ್ನ ಮುಖ ಮೊದಲ ಸಲ ನೋಡ್ತಾ ಇದ್ದೀಯ. ಬಾ ಇಲ್ಲಿ. ಕಣ್ಣಿಂದ ನೋಡು. ಆಮೇಲೆ ಕಿರುಬೆರಳು ಹಾಕಿ ಮುಟ್ಟು."

ತೋಟೆ ಕೂರುವ ಗೂಡನ್ನು, ಚೇಂಬರ್ ಅನ್ನುತ್ತೇವಲ್ಲ, ಅದನ್ನು ಹುಡುಗ ಬಗ್ಗಿ ನೋಡಿದ. ಬೆರಳ ತುದಿ ತಾಗಿಸಿದ. ತಣ್ಣನೆಯ ಉಕ್ಕಿನ ಅಂಚು, ಒಳಗೆ ಏನೂ ಇಲ್ಲ. ನೋಡುವುದೂ ಮುಟ್ಟುವುದೂ ಎರಡೂ ಯಾಕೆ ಅಂದರೆ, ಪಾಯಿಂಟ್ ಟೂ ಟೂ ತೋಟೆ ಬಹಳ ಸಣ್ಣದು, ಪೆನ್ಸಿಲ್ಲಿಗಿಂತ ತೆಳು. ಮಬ್ಬು ಬೆಳಕಿನಲ್ಲಿ ಅದರ ಹಿತ್ತಾಳೆಯ ತಳ ಉಕ್ಕಿನ ನೆರಳಿನಲ್ಲಿ ಕರಗಿಹೋಗುತ್ತದೆ. ಕಣ್ಣು ನೋಡಬೇಕೆಂದುಕೊಂಡದ್ದನ್ನೇ ನೋಡುತ್ತದೆ, ಬೆರಳು ಹಾಗೆ ಮೋಸಹೋಗುವುದಿಲ್ಲ.

ಆಮೇಲೆ ಅಜ್ಜ ರೈಫಲ್ ಎತ್ತಿಕೊಂಡರು. ತಾವೂ ನೋಡಿದರು, ಮುಟ್ಟಿದರು. ಹುಡುಗನ ಕೈಗೆ ಕೊಟ್ಟರು. ಅವನು ತೆಗೆದುಕೊಂಡು ನಿಂತ. ಅಜ್ಜ ಮಾತಾಡದೆ ವಾಪಸು ಇಸಿದುಕೊಂಡರು. ಮತ್ತೆ ನೋಡಿ, ಮುಟ್ಟಿ, ಕೊಟ್ಟರು. ಅವನು ಮತ್ತೆ ಸುಮ್ಮನೆ ನಿಂತ. ಮತ್ತೆ ಇಸಿದುಕೊಂಡರು. ನಾಲ್ಕನೆಯ ಸಲ ಹುಡುಗನಿಗೆ ಹೊಳೆಯಿತು. ಕೈಗೆ ಬಂದ ಕೂಡಲೇ ಬಗ್ಗಿ ಚೇಂಬರ್ ನೋಡಿದ, ಬೆರಳಿಟ್ಟ. "ಹಾಂ" ಅಂದರು ಅಜ್ಜ. ಅವತ್ತಿನ ಪಾಠದಲ್ಲಿ ಅವರ ಬಾಯಿಂದ ಬಂದ ಹೊಗಳಿಕೆ ಅಷ್ಟೇ.

ಈ ಒಂದು ಕ್ರಿಯೆಯ ಮೇಲೆ ನಾನು ಇಷ್ಟು ಹೊತ್ತು ನಿಲ್ಲುವುದಕ್ಕೆ ಕಾರಣವಿದೆ. ನಂಬಿಕೆ ಕಡಿಮೆ ಇರುವ ಕಡೆ ಯಾರಾದರೂ ಪರೀಕ್ಷೆ ಮಾಡಿಯೇ ಮಾಡುತ್ತಾರೆ. ಚಿಕ್ಕಪ್ಪನ ಕೈಯಿಂದ, ಅಣ್ಣನ ಕೈಯಿಂದ, ಗುರುವಿನ ಕೈಯಿಂದ ಬಂದಾಗ ಮತ್ತೆ ತೆರೆದು ನೋಡಿದರೆ ಅವಮಾನ ಮಾಡಿದ ಹಾಗೆ ಅಂತ ನಮಗೆ ಅನ್ನಿಸುತ್ತದೆ. ಕೋವಿ ಕೈ ಬದಲಿಸುವ ಆ ಗಳಿಗೆಯಲ್ಲೇ ಪರೀಕ್ಷೆ ತಪ್ಪಿಹೋಗುವುದು. ಕೊಟ್ಟವನು ಅವನು ನೋಡುತ್ತಾನೆ ಅಂದುಕೊಳ್ಳುತ್ತಾನೆ, ತೆಗೆದುಕೊಂಡವನು ಇವನು ನೋಡಿಯೇ ಕೊಟ್ಟ ಅಂದುಕೊಳ್ಳುತ್ತಾನೆ. ಸುಬೇದಾರರು ನಾಲ್ಕು ಸಲ ಇಸಿದುಕೊಂಡದ್ದು ಆ ಸಂಕೋಚವನ್ನು ಮುರಿಯುವುದಕ್ಕೆ.

ಎರಡನೆಯ ದಿನ ಅಜ್ಜ ಕರಿಹಲಗೆಯ ಸೀಮೆಸುಣ್ಣದ ತುಂಡೊಂದನ್ನು ತಂದಿದ್ದರು. ಕಲ್ಲಿನ ಮೇಲೆ ಉಜ್ಜಿ ಪುಡಿ ಮಾಡಿ, ಚಂಗುವಿನ ಬಲಗೈ ತೋರುಬೆರಳನ್ನು ಅದರಲ್ಲಿ ಅದ್ದಿಸಿದರು. "ಇವತ್ತು ಅರ್ಧ ಗಂಟೆ ರೈಫಲ್ ಎತ್ತು, ಇಳಿಸು, ಚಾಪೆ ಮೇಲೆ ಮಲಗು, ಏಳು. ಟ್ರಿಗರ್ ಎಳೆಯೋದು ಇಲ್ಲ."

ಅರ್ಧ ಗಂಟೆ ಕಳೆದ ಮೇಲೆ ರೈಫಲ್ಲನ್ನು ಬೆಳಕಿಗೆ ಹಿಡಿದರು. ಟ್ರಿಗರಿನ ಮೇಲೆ, ಅದರ ಸುತ್ತಲಿನ ಕಮಾನಿನ ಒಳಗೆ, ಬೆಳ್ಳಗೆ ಬೆರಳಿನ ಗುರುತು. ಒಂದಲ್ಲ, ಒಂದರ ಮೇಲೊಂದು.

"ನಾನು ಮುಟ್ಟಲೇ ಇಲ್ಲ ಅಜ್ಜ" ಅಂದ ಹುಡುಗ. ಸುಳ್ಳು ಹೇಳುತ್ತಿರಲಿಲ್ಲ. ಮುಟ್ಟಿದ್ದು ಅವನಿಗೆ ಗೊತ್ತೇ ಆಗಿರಲಿಲ್ಲ.

ಇದು ಎಲ್ಲರಿಗೂ ಹಾಗೆಯೇ. ಮನುಷ್ಯನ ಕೈಗೆ ತಕ್ಕ ಹಾಗೆ ಮಾಡಿದ ಹಿಡಿಯಲ್ಲಿ ಬೆರಳು ತಾನಾಗಿ ಟ್ರಿಗರ್ ಹುಡುಕಿಕೊಂಡು ಹೋಗುತ್ತದೆ. ಅಲ್ಲಿ ಬೆರಳಿರುವಾಗ ಎಡವಿದರೆ, ಬೆಚ್ಚಿದರೆ, ಇಲ್ಲವೇ ಇನ್ನೊಂದು ಕೈಯಿಂದ ಏನನ್ನಾದರೂ ಗಟ್ಟಿಯಾಗಿ ಹಿಡಿದರೆ ಈ ಕೈಯೂ ಬಿಗಿಯುತ್ತದೆ. ಬೇಕು ಅಂತ ಯಾರೂ ಬಿಗಿಯುವುದಿಲ್ಲ. ಅದನ್ನು ತೋರಿಸಲು ಅಜ್ಜ ಹೇಳದೆ ಕೇಳದೆ ಅವನ ಹಿಂದೆ ಒಂದು ತಗಡಿನ ತಟ್ಟೆ ಬೀಳಿಸಿದರು. ರೈಫಲ್ ಖಾಲಿ, ಬೋಲ್ಟ್ ತೆರೆದಿತ್ತು, ಬಾಯಿ ದಿಬ್ಬದ ಕಡೆಗಿತ್ತು. ಹುಡುಗ ಬೆಚ್ಚಿಬಿದ್ದ. "ಕೈ ನೋಡಿಕೋ" ಅಂದರು. ಗೆಣ್ಣುಗಳು ಬಿಳಿಚಿಕೊಂಡಿದ್ದವು. ಐದೂ ಬೆರಳು ಮರವನ್ನು ಹಿಂಡುತ್ತಿದ್ದವು. "ಹೆದರಿದ್ದಕ್ಕೆ ಬೈಯೋದಿಲ್ಲ ಮಗ. ನಾನೂ ಹೆದರ್ತೀನಿ. ಹೆದರಿದಾಗ ಬೆರಳು ಎಲ್ಲಿತ್ತು ಅನ್ನೋದಷ್ಟೇ ನಂಗೆ ಬೇಕು."

ಬೆರಳಿಗೆ ಒಂದು ಮನೆ ತೋರಿಸಿದರು. ಟ್ರಿಗರ್ ಕಮಾನಿನ ಮೇಲ್ಭಾಗದಲ್ಲಿ, ಮರದ ಮಗ್ಗುಲಲ್ಲಿ, ನೀಟವಾಗಿ ಚಾಚಿದ ಬೆರಳು. ಗುರಿ ಕಟ್ಟಿ, ಹೊಡೆಯುತ್ತೇನೆ ಅಂತ ತೀರ್ಮಾನ ಆಗುವವರೆಗೆ ಅದು ಮನೆ ಬಿಟ್ಟು ಹೊರಡುವ ಹಾಗಿಲ್ಲ. ಮೂರನೆಯ ದಿನ ಸೀಮೆಸುಣ್ಣದ ಗುರುತು ಟ್ರಿಗರಿನ ಮೇಲೆ ಎರಡೇ ಕಡೆ ಇತ್ತು. ಐದನೆಯ ದಿನ ಟ್ರಿಗರ್ ಕಪ್ಪಗೆ ಹಾಗೇ ಇತ್ತು, ಮರದ ಮಗ್ಗುಲಲ್ಲಿ ಮಾತ್ರ ಒಂದು ಉದ್ದನೆಯ ಬಿಳಿ ಪಟ್ಟೆ.

ಈಗ ಬಾಯಿಯ ವಿಷಯ. ನಳಿಗೆಯ ಬಾಯಿ ಎತ್ತ ನೋಡುತ್ತಿದೆ ಅನ್ನುವುದು. ಮೇಷ್ಟರಾದ ನನಗೆ ಇಲ್ಲಿ ಒಂದು ಲೆಕ್ಕ ಬಿಡಿಸದೆ ಮುಂದೆ ಹೋಗಲಾಗದು. ಭುಜದಿಂದ ನಳಿಗೆಯ ತುದಿಯವರೆಗೆ ಹೆಚ್ಚುಕಡಿಮೆ 1 ಮೀಟರ್ ಅನ್ನಿ. ಗುರಿಹಲಗೆ 25 ಮೀಟರ್ ದೂರ. ನಳಿಗೆಯ ತುದಿ ಒಂದು ಗೇಣು, ಅಂದರೆ ಸುಮಾರು 22 ಸೆಂಟಿಮೀಟರ್ ಪಕ್ಕಕ್ಕೆ ಸರಿದರೆ ಅಲ್ಲಿ ಗುಂಡು ಬೀಳುವ ಜಾಗ ಐದೂವರೆ ಮೀಟರ್ ಪಕ್ಕಕ್ಕೆ ಸರಿಯುತ್ತದೆ. ಆ ಗೇಣು ಮೇಲಕ್ಕೆ ಸರಿದರೆ? ಮೂರಾಳೆತ್ತರದ ಮಣ್ಣಿನ ದಿಬ್ಬವನ್ನೂ ದಾಟಿ ಹೋಗುತ್ತದೆ. ಗುಂಡಿನ ತೂಕ ಎರಡೂವರೆ ಗ್ರಾಂ ಚಿಲ್ಲರೆ. ಆದರೂ ಮೇಲ್ಮುಖವಾಗಿ ಹೋದರೆ ಒಂದೂವರೆ ಕಿಲೋಮೀಟರ್ ಆಚೆಗೂ ಹೋಗಿ ಬೀಳಬಲ್ಲದು. ಕಾಫಿ ತೋಟದಲ್ಲಿ ಕೆಲಸ ಮಾಡುವವರು ಇರುತ್ತಾರೆ, ಶಾಲೆಯಿಂದ ಬರುವ ಮಕ್ಕಳು ಇರುತ್ತಾರೆ. ಆಟದ ಬಂದೂಕಿನ ಹಾಗಿದೆ, ಇದೇನು ಮಹಾ ಅನ್ನುವವರು ಈ ಒಂದೂವರೆ ಕಿಲೋಮೀಟರನ್ನು ಮನಸ್ಸಿನಲ್ಲೇ ಒಮ್ಮೆ ನಡೆದು ನೋಡಬೇಕು.

ಆರನೆಯ ದಿನ ತೋಟೆ ಬಂತು. ಕಂಬಕ್ಕೆ ಕೆಂಪು ಬಾವುಟ ಏರಿತು. ಚಂಗುವಿನ ಕಿವಿಗೆ ಮುಚ್ಚಳ, ಕಣ್ಣಿಗೆ ಕನ್ನಡಕ. ಚಾಪೆಯ ಮೇಲೆ ಮಲಗಿದ. ಎಡಕ್ಕೆ ಯಾರೂ ಇಲ್ಲ, ಬಲಕ್ಕೆ ಒಂದು ಚಾಪೆ ಬಿಟ್ಟು ಪಕ್ಕದ ಶಾಲೆಯ ಹುಡುಗಿಯೊಬ್ಬಳು ಮಲಗಿದ್ದಳು. ಸುಬೇದಾರಜ್ಜ ಚಂಗುವಿನ ಬಲಭುಜದ ಹಿಂದೆ, ಕೈ ಚಾಚಿದರೆ ನಳಿಗೆ ಸಿಗುವಷ್ಟು ಹತ್ತಿರ, ಮಂಡಿಯೂರಿ ಕೂತರು.

"ಒಂದು ತೋಟೆ. ಭರ್."

ತೋಟೆ ಇಡುವಾಗ ಹುಡುಗನ ಬೆರಳು ನಡುಗಿ ಅದು ಚಾಪೆಯ ಮೇಲೆ ಉರುಳಿತು. ಅಜ್ಜ ಏನೂ ಅನ್ನಲಿಲ್ಲ. ಅವನೇ ಹುಡುಕಿ, ಒರೆಸಿ, ಮತ್ತೆ ಇಟ್ಟ. ಬೋಲ್ಟ್ ಮುಚ್ಚಿದ. ಬೆರಳು ಮರದ ಮಗ್ಗುಲಲ್ಲಿ. ಗುರಿ ಕಟ್ಟಿದ. ಟಪ್. ಅವನು ಅಂದುಕೊಂಡಷ್ಟು ಸದ್ದೂ ಇಲ್ಲ, ಭುಜಕ್ಕೆ ಅಂಥ ಪೆಟ್ಟೂ ಇಲ್ಲ. ಬೋಲ್ಟ್ ಎಳೆದ, ಖಾಲಿ ಹಿತ್ತಾಳೆ ಕೇಸು ಚಾಪೆಯ ಮೇಲೆ ಟಿಣ್ ಅಂತ ಬಿತ್ತು. ಹೀಗೆ ನಾಲ್ಕು. ನಾಲ್ಕೂ ಗುಂಡು ಕರಿ ವೃತ್ತದ ಕೆಳಗೆ, ಒಂದಕ್ಕೊಂದು ಸಂಬಂಧವಿಲ್ಲದ ಹಾಗೆ ಚದುರಿ ಬಿದ್ದಿದ್ದವು. ದುರ್ಬೀನಿನಲ್ಲಿ ನೋಡಿದ ಅಜ್ಜ ಆಗಲೂ ಏನೂ ಅನ್ನಲಿಲ್ಲ.

ಐದನೆಯದು. ಟ್ರಿಗರ್ ಎಳೆದ. ಟಿಕ್.

ಅಷ್ಟೇ. ಸದ್ದಿಲ್ಲ, ಹೊಗೆಯಿಲ್ಲ.

"ಅಜ್ಜಾ, ಹಾರ್ಲಿಲ್ಲ..." ಅನ್ನುತ್ತ ಚಂಗು ಎದೆ ಎತ್ತಿ ಬಲಕ್ಕೆ ತಿರುಗಿದ. ಮಾತಾಡುವಾಗ ಮಾತಾಡಿಸುವವರ ಮುಖ ನೋಡಬೇಕು ಅಂತ ಕಲಿತ ಮನೆಯ ಹುಡುಗ. ಮುಖದ ಜೊತೆ ಭುಜ ತಿರುಗಿತು, ಭುಜದ ಜೊತೆ ರೈಫಲ್ ತಿರುಗಿತು.

ಪೂರ್ತಿ ತಿರುಗಲಿಲ್ಲ. ನಳಿಗೆಯ ಮೇಲೆ ಅಜ್ಜನ ಅಂಗೈ ಆಗಲೇ ಬಿದ್ದಾಗಿತ್ತು. ಮೇಲಿನಿಂದ ಒತ್ತಿ, ದಿಬ್ಬದ ಕಡೆಗೇ ಹಿಡಿದು ನಿಲ್ಲಿಸಿದರು. ಅವರ ದನಿ ಎತ್ತರಿಸಲಿಲ್ಲ.

"ಮುಂದೆ ನೋಡು. ಬೆರಳು ಮನೆಗೆ. ಬೋಲ್ಟ್ ಮುಟ್ಟಬೇಡ. ನನ್ನ ಜೊತೆ ಎಣಿಸು."

ನಾನು ಕಂಡಿರುವ ಹೊಸ ಕಲಿಕೆಯವರ ತಪ್ಪುಗಳಲ್ಲಿ ಇದರಷ್ಟು ಭಯ ಹುಟ್ಟಿಸುವುದು ಬೇರೆ ಇಲ್ಲ. ರೈಫಲ್ ಸರಿಯಾಗಿ ಕೆಲಸ ಮಾಡುತ್ತಿರುವಾಗ ಮಕ್ಕಳು ಎಚ್ಚರವಾಗಿರುತ್ತಾರೆ. ಕೆಲಸ ಮಾಡದೆ ಹೋದಾಗ ಅದು ಕೋವಿ ಅನ್ನುವುದೇ ಮರೆತುಹೋಗಿ ಕೆಟ್ಟುಹೋದ ಯಂತ್ರವಾಗಿಬಿಡುತ್ತದೆ. ಕೆಟ್ಟ ಟಾರ್ಚನ್ನು ತಿರುಗಿಸಿ ಮುಖಕ್ಕೆ ಹಿಡಿದು ನೋಡುತ್ತೇವಲ್ಲ, ಹಾಗೆ. ಆದ್ದರಿಂದಲೇ ಕಲಿಸುವವರು ದೂರ ನಿಂತು ಕಲಿಸಬಾರದು. ಕೈಗೆ ನಳಿಗೆ ಸಿಗುವಷ್ಟು ಹತ್ತಿರ ಇರಬೇಕು.

ಎಣಿಸು ಅಂದದ್ದು ಯಾಕೆ? ತೋಟೆಯ ತಳದಂಚಿನ ಒಳಗೆ ತಟ್ಟಿದರೆ ಹೊತ್ತಿಕೊಳ್ಳುವ ಮದ್ದು ಇರುತ್ತದೆ. ಬೋಲ್ಟಿನ ಮೊಳೆ ಅಂಚನ್ನು ಜಜ್ಜಿದಾಗ ಅದು ಕಿಡಿಯಾಗಿ ಒಳಗಿನ ಮದ್ದನ್ನು ಹೊತ್ತಿಸುತ್ತದೆ. ಒಮ್ಮೊಮ್ಮೆ ಆ ಕಿಡಿ ಹುಟ್ಟುವುದೇ ಇಲ್ಲ. ಬಹಳ ಅಪರೂಪಕ್ಕೆ ಕಿಡಿ ಹುಟ್ಟಿಯೂ ಮದ್ದು ತಡವಾಗಿ ಹೊತ್ತಿಕೊಳ್ಳುತ್ತದೆ. ಈಗಿನ ತೋಟೆಗಳಲ್ಲಿ ತಡವಾದರೂ ಅದು ಕಣ್ಣು ಮಿಟುಕಿಸುವಷ್ಟು ಹೊತ್ತು, ಸಾಮಾನ್ಯವಾಗಿ ಅದಕ್ಕಿಂತ ಹೆಚ್ಚಲ್ಲ. ಆದರೆ ಟಿಕ್ ಅಂದ ತೋಟೆ ಪೂರಾ ಸತ್ತಿದೆಯೋ, ನಿಧಾನವಾಗಿ ಹೊತ್ತಿಕೊಳ್ಳುತ್ತಿದೆಯೋ ಹೊರಗಿನಿಂದ ತಿಳಿಯುವ ದಾರಿ ಇಲ್ಲ. ಬೋಲ್ಟ್ ಮುಚ್ಚಿರುವಾಗ ಹಾರಿದರೆ ಗುಂಡು ದಿಬ್ಬಕ್ಕೆ ಹೋಗುತ್ತದೆ, ಮುಗಿಯಿತು. ಅವಸರಪಟ್ಟು ಬೋಲ್ಟ್ ತೆರೆದಾಗ ಹಾರಿದರೆ ಸುತ್ತ ಉಕ್ಕಿನ ಗೋಡೆ ಇಲ್ಲದ ಹಿತ್ತಾಳೆ ಕೇಸು ಸಿಡಿದು ಚೂರಾಗುತ್ತದೆ, ಆ ಚೂರು ಬರುವುದು ಕಣ್ಣಿನ ಕಡೆಗೆ. ಅದಕ್ಕೇ ಕನಿಷ್ಠ 30 ಸೆಕೆಂಡ್ ಕಾಯುವುದು. ಒಂದು ನಿಮಿಷ ಕಾಯಿಸುವವರೂ ಇದ್ದಾರೆ, ನಾನೂ ಕಾಯಿಸಿದ್ದೇನೆ.

ಚಾಪೆಯ ಮೇಲೆ ಮಲಗಿ ಹದಿನೈದರ ಹುಡುಗ ಎಣಿಸುವ ಮೂವತ್ತು ಬಹಳ ಉದ್ದ. ಹತ್ತಕ್ಕೆ ಅವನ ಮೊಣಕೈ ನೋಯತೊಡಗಿತು. ಹದಿನೈದಕ್ಕೆ ಮೂಗಿನ ತುದಿಗೆ ಬೆವರಿನ ಹನಿ ಬಂದು ನಿಂತಿತು, ಒರೆಸಿಕೊಳ್ಳಲು ಕೈ ಬಿಡುವ ಹಾಗಿಲ್ಲ. ಇಪ್ಪತ್ತರ ಹೊತ್ತಿಗೆ, ಎಣಿಸುತ್ತ ಎಣಿಸುತ್ತ, ಅವನ ಉಸಿರು ಅಜ್ಜನ ಎಣಿಕೆಯ ಜೊತೆ ಹೊಂದಿಕೊಂಡಿತ್ತು. ಆ ಆರು ದಿನದಲ್ಲಿ ಅವನ ಕೈ ನಡುಗದೆ ಇದ್ದ ಮೊದಲ ಗಳಿಗೆ ಅದು.

ಮೂವತ್ತಾದ ಮೇಲೆ ಅಜ್ಜ ಅವನ ಮುಖವನ್ನು ಪಕ್ಕಕ್ಕೆ ಮಾಡಿಸಿ, ತಾವೇ ಬೋಲ್ಟನ್ನು ನಿಧಾನವಾಗಿ ತೆರೆದರು. ತೋಟೆ ಇಡಿಯಾಗಿ ಬಂತು, ತುದಿಯಲ್ಲಿ ಸೀಸದ ಗುಂಡು ಹಾಗೇ ಇತ್ತು. ಚೇಂಬರಿಗೆ, ಅದು ಖಾಲಿ ಅಂತ ದೂರಕ್ಕೂ ಕಾಣುವ ಕಿತ್ತಳೆ ಬಣ್ಣದ ಸೇಫ್ಟಿ ಫ್ಲಾಗ್ ತೂರಿಸಿ, ಹುಡುಗನನ್ನು ಎಬ್ಬಿಸಿ ಹಿಂದಕ್ಕೆ ಕರೆದುಕೊಂಡು ಹೋಗಿ ತೋಟೆಯ ತಳ ತೋರಿಸಿದರು.

"ಅಂಚು ನೋಡು. ಮೊಳೆ ಬಿದ್ದ ಗುಳಿ ಹೇಗಿದೆ?"

"ಆಳವಾಗಿದೆ."

"ಹಾಗಾದ್ರೆ ರೈಫಲ್ ತನ್ನ ಕೆಲಸ ಮಾಡಿದೆ, ಆ ಜಾಗದಲ್ಲಿ ಕಿಡಿಯ ಮದ್ದೇ ಇಲ್ಲ. ತೋಟೆಯದು ತಪ್ಪು. ಗುಳಿ ಮೇಲೆ ಮೇಲೆ ಇದ್ದಿದ್ರೆ ನೀನು ಬೋಲ್ಟ್ ಪೂರ್ತಿ ಮುಚ್ಚಿಲ್ಲ, ಇಲ್ಲ ಒಳಗೆ ಹಳೆ ಎಣ್ಣೆ ಗಟ್ಟಿಯಾಗಿ ಮೊಳೆಯ ವೇಗ ತಗ್ಗಿದೆ ಅಂತ."

ನಮ್ಮ ಕಡೆಯ ಮಳೆಗಾಲದಲ್ಲಿ ತುಕ್ಕಿಗೆ ಹೆದರಿ ಬೋಲ್ಟಿನೊಳಗೆ ಎಣ್ಣೆ ಸುರಿಯುವವರು ಈ ಕೊನೆಯ ಮಾತು ನೆನಪಿಡಬೇಕು. ಆ ತೋಟೆಯನ್ನು ಅಜ್ಜ ಮತ್ತೆ ರೈಫಲ್ಲಿಗೆ ಹಾಕಲಿಲ್ಲ. ಹಾರದ ತೋಟೆಗೆಂದೇ ಮೂಲೆಯಲ್ಲಿಟ್ಟಿದ್ದ ಡಬ್ಬಿಗೆ ಹಾಕಿದರು.

ಇನ್ನೊಂದು ಬಗೆಯನ್ನೂ ಅವರು ಅಲ್ಲೇ ಹೇಳಿಕೊಟ್ಟರು, ಅದು ಇದಕ್ಕಿಂತ ಕೆಟ್ಟದ್ದು. ಟ್ರಿಗರ್ ಎಳೆದಾಗ ಟಪ್ ಅನ್ನುವ ಬದಲು ಪುಸ್ ಅಂದು, ಹಲಗೆಯಲ್ಲಿ ಹೊಸ ತೂತು ಕಾಣದೆ, ಬೋಲ್ಟ್ ತೆರೆದಾಗ ಖಾಲಿ ಕೇಸು ಬಂದರೆ, ಗುಂಡು ನಳಿಗೆಯೊಳಗೇ ಸಿಕ್ಕಿಕೊಂಡಿರಬಹುದು. ಗಾಬರಿಯಲ್ಲಿ ಇನ್ನೊಂದು ತೋಟೆ ತುಂಬಿ ಹೊಡೆದರೆ ನಳಿಗೆ ಉಬ್ಬುತ್ತದೆ, ಒಡೆಯಲೂಬಹುದು. ಹೀಗಾದಾಗಲೂ ಬಾಯಿ ದಿಬ್ಬದ ಕಡೆಗೇ ಇಟ್ಟು ಅಷ್ಟೇ ಹೊತ್ತು ಕಾಯಬೇಕು. ಆಮೇಲೆ ಬೋಲ್ಟ್ ತೆಗೆದು, ಚೇಂಬರ್ ಖಾಲಿ ಅಂತ ಖಚಿತ ಮಾಡಿಕೊಂಡು, ಒರೆಸುವ ಕಡ್ಡಿ ತೂರಿಸಿ ಈ ತುದಿಯಿಂದ ಆ ತುದಿಗೆ ಸಲೀಸಾಗಿ ಹೋಗುತ್ತದೆಯೇ ನೋಡಬೇಕು. ಚಂಗುವಿಗೆ ಸಿಕ್ಕ ತೋಟೆಯಲ್ಲಿ ಗುಂಡು ಕೇಸಿನಲ್ಲೇ ಇತ್ತಲ್ಲ, ಹಾಗಾಗಿ ನಳಿಗೆಯ ಬಗ್ಗೆ ಅನುಮಾನ ಇರಲಿಲ್ಲ. ಆದರೂ ಅಜ್ಜ ಕಡ್ಡಿ ತೂರಿಸಿ ತೋರಿಸಿದರು.

ಈಗ ಕಥೆಯಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದ ಜಾಗ. ಅಜ್ಜ ಹುಡುಗನನ್ನು ಕಲ್ಲಿನ ಮೇಲೆ ಕೂರಿಸಿಕೊಂಡು ಕೇಳಿದರು. "ಟಿಕ್ ಅಂದಾಗ ನಳಿಗೆ ತುದಿ ಏನು ಮಾಡ್ತು, ನೋಡಿದ್ಯಾ?"

"ಇಲ್ಲ."

"ಎರಡು ಬೆರಳಗಲ ಕೆಳಗೆ ಇಳೀತು. ಗುಂಡೇ ಹಾರಲಿಲ್ಲ, ಮತ್ತೆ ಅದನ್ನು ಇಳಿಸಿದ್ದು ಯಾರು?"

ಹುಡುಗ ಬಹಳ ಹೊತ್ತು ಸುಮ್ಮನಿದ್ದ. "ನಾನೇ."

ಗುಂಡು ಹಾರುವಾಗಿನ ಒದೆತ, ಸದ್ದು ಈ ತಪ್ಪನ್ನು ಮುಚ್ಚಿಬಿಡುತ್ತವೆ. ಸದ್ದು ಬರುತ್ತದೆ ಅಂತ ಮೈ ಮೊದಲೇ ಸೆಟೆದು ನಳಿಗೆಯನ್ನು ಕೆಳಕ್ಕೆ ತಳ್ಳುತ್ತದೆ, ಆಮೇಲೆ ಗುಂಡು ಹಾರುತ್ತದೆ. ಅದಕ್ಕೇ ನಾಲ್ಕೂ ಗುಂಡು ವೃತ್ತದ ಕೆಳಗೆ ಬಿದ್ದದ್ದು. ದೃಷ್ಟಿಯ ದೋಷ, ರೈಫಲ್ಲಿನ ದೋಷ ಅಂತ ತಿಂಗಳುಗಟ್ಟಲೆ ಸ್ಕ್ರೂ ತಿರುಗಿಸುತ್ತ ಕೂರುವವರನ್ನು ಕಂಡಿದ್ದೇನೆ. ಒಂದು ಹಾರದ ತೋಟೆ ಅದನ್ನು ಒಂದೇ ಗಳಿಗೆಯಲ್ಲಿ ಬಯಲು ಮಾಡಿತು.

ಮರುದಿನದಿಂದ ಅಜ್ಜ ಆ ಅಪಘಾತವನ್ನೇ ಪಾಠ ಮಾಡಿಕೊಂಡರು. ಚಂಗು ಗುರಿಹಲಗೆಯನ್ನು ಮಾತ್ರ ನೋಡುತ್ತಿರಬೇಕು, ತುಂಬುವವರು ಅಜ್ಜ. ಒಮ್ಮೆ ನಿಜದ ತೋಟೆ, ಒಮ್ಮೆ ಹಾರಿ ಮುಗಿದ ಖಾಲಿ ಕೇಸು. ಯಾವುದು ಅಂತ ಅವನಿಗೆ ತಿಳಿಯದು. ಖಾಲಿ ಕೇಸನ್ನೇ ಇಡುವುದಕ್ಕೆ ಇನ್ನೂ ಒಂದು ಕಾರಣ ಇದೆ. ಪಾಯಿಂಟ್ ಟೂ ಟೂ ರೈಫಲ್ಲನ್ನು ಏನೂ ಇಡದೆ ಬರಿದೇ ಹೊಡೆದರೆ ಮೊಳೆ ನೇರವಾಗಿ ಚೇಂಬರಿನ ಅಂಚಿಗೆ ಬಡಿದು ಅಲ್ಲಿ ಗುಳಿ ಬೀಳಬಹುದು. ನೋಡದೆ ಹೊಡೆಯುವುದು ಮೊದಲ ದಿನದ ಪಾಠಕ್ಕೆ ವಿರುದ್ಧವಲ್ಲವೇ ಅಂತ ಸಭೆಯಲ್ಲಿ ಒಬ್ಬರು ಕೇಳಿದರು. ಇಲ್ಲ. ಅಲ್ಲಿ ಅವನು ಪ್ರತಿ ಸಲವೂ ತುಂಬಿದೆ ಅಂತಲೇ ಹಿಡಿಯುತ್ತಾನೆ. ಟಿಕ್ ಅಂದಾಗಲೂ ಮುಖ ತಿರುಗಿಸುವ ಹಾಗಿಲ್ಲ, ಅಜ್ಜ ಹೇಳುವವರೆಗೆ ಬೋಲ್ಟ್ ಮುಟ್ಟುವ ಹಾಗಿಲ್ಲ. ತುಂಬಿಲ್ಲ ಅಂತ ಭಾವಿಸುವುದನ್ನು ಅವರು ಎಲ್ಲೂ ಕಲಿಸಲಿಲ್ಲ.

ಟಿಕ್. ನಳಿಗೆ ಇಳಿಯಿತು. ಟಪ್. ಟಿಕ್. ಇಳಿಯಿತು, ಕಡಿಮೆ. ಮೂರನೆಯ ದಿನ ಸಂಜೆ ಅಜ್ಜ ನಳಿಗೆಯ ತುದಿಯಲ್ಲಿ ಐವತ್ತು ಪೈಸೆಯ ನಾಣ್ಯ ಇಟ್ಟರು. ಟಿಕ್. ನಾಣ್ಯ ಅಲ್ಲೇ ಕೂತಿತ್ತು. ಅವತ್ತಿನ ಐದು ಗುಂಡು ಕರಿ ವೃತ್ತದೊಳಗೆ, ಹಳೆಯ ಒಂದು ರೂಪಾಯಿ ನಾಣ್ಯ ಮುಚ್ಚುವಷ್ಟು ಜಾಗದಲ್ಲಿ ಎಲ್ಲವೂ ಬೀಳಲಿಲ್ಲ, ಮೂರು ಬಿದ್ದವು. ಉಳಿದೆರಡು ಬಲಕ್ಕೆ ಹೋಗಿದ್ದವು. ಕಥೆ ಅಂತ ಐದನ್ನೂ ಅಲ್ಲೇ ಬೀಳಿಸಲು ನನಗೆ ಮನಸ್ಸಾಗಲಿಲ್ಲ.

ಮನೆಗೆ ಹೊರಡುವ ಮುಂಚೆ ಸೋಪು ಹಾಕಿ ಕೈ ತೊಳೆಸದೆ ಅಜ್ಜ ಯಾರಿಗೂ ಬಾಳೆಹಣ್ಣು ಕೊಡುತ್ತಿರಲಿಲ್ಲ. ಈ ಗುಂಡುಗಳು ಹೆಚ್ಚಾಗಿ ಬರೀ ಸೀಸ, ಬೆರಳಿಗೆ ಹತ್ತುತ್ತದೆ, ಮಕ್ಕಳ ಹೊಟ್ಟೆಗೆ ಅದು ಹೋಗಬಾರದು. ಸಣ್ಣ ಮಾತು, ಆದರೆ ಬಿಡಬಾರದು ಅಂತ ಹೇಳಿದೆ.

ಸೆಪ್ಟೆಂಬರ್ ಬಂತು, ಕೈಲ್‌ಪೊಳ್ದ್ ಬಂತು. ಮುನ್ನಾದಿನ ಅದೇ ಜಗಲಿ, ಅದೇ ಚಿಕ್ಕಪ್ಪ, ಅದೇ ಎಣ್ಣೆಯ ಬಟ್ಟಲು. ಮಾಡಿನಲ್ಲಿ ಆರೇಳು ಹೆಂಚು ಮಾತ್ರ ಉಳಿದವಕ್ಕಿಂತ ಕೆಂಪಗೆ ಕಾಣುತ್ತಿದ್ದವು. ಗೋಡೆಯಿಂದ ಕೋವಿ ಇಳಿಸಿಕೊಂಡು ಬಂದ ಚಿಕ್ಕಪ್ಪ, ಬಟ್ಟೆ ತರಲು ಒಳಗೆ ಹೋಗಬೇಕಿತ್ತು.

"ಚಂಗು, ಸ್ವಲ್ಪ ಹಿಡ್ಕೊ. ಖಾಲಿ ಇದೆ."

ಚಂಗು ಬೆನ್ನನ್ನು ಗೋಡೆಯಿಂದ ಬಿಡಿಸಿ ಮುಂದೆ ಬಂದ. ಎರಡೂ ಕೈಯಲ್ಲಿ ತೆಗೆದುಕೊಂಡ. ನಳಿಗೆಯ ಬಾಯನ್ನು ಅಂಗಳದಾಚೆಯ ಮಣ್ಣಿನ ಬರೆಯ ಬುಡಕ್ಕೆ ತಿರುಗಿಸಿದ. ತೋರುಬೆರಳು ಮರದ ಮಗ್ಗುಲಲ್ಲಿ ಉದ್ದಕ್ಕೆ ಚಾಚಿತ್ತು. ಹೆಬ್ಬೆರಳಿನಿಂದ ಮೇಲಿನ ಕೀಲಿ ಒತ್ತಿ ನಳಿಗೆಯನ್ನು ಕೆಳಕ್ಕೆ ಬಾಗಿಸಿ ತೆರೆದ. ಬಗ್ಗಿ ನೋಡಿದ. ಎರಡು ದುಂಡನೆಯ ಬೆಳಕು, ಅದರಾಚೆ ಬರೆಯ ಹಸಿರು. ಒಂದೊಂದಕ್ಕೂ ಕಿರುಬೆರಳು ಹಾಕಿದ.

ಚಿಕ್ಕಪ್ಪ ಒಳಗೆ ಹೋಗಿರಲಿಲ್ಲ. ಬಾಗಿಲಲ್ಲೇ ನಿಂತಿದ್ದರು. ಅವರ ಮುಖ ಕೆಂಪೇರಿತ್ತು. ಏನೋ ಹೇಳಲು ಬಾಯಿ ತೆರೆದು, ಮೇಲಿನ ಹೆಂಚಿನ ಕಡೆ ನೋಡಿ, ಸುಮ್ಮನಾದರು.

"ಖಾಲಿ ಇದೆ ಚಿಕ್ಕಪ್ಪ" ಅಂದ ಚಂಗು. ತೆರೆದ ಕೋವಿಯನ್ನು ಹಾಗೆಯೇ, ಮುಚ್ಚದೆ, ಅವರ ಕಡೆ ಚಾಚಿದ.

ಚಿಕ್ಕಪ್ಪ ತೆಗೆದುಕೊಂಡರು. ಒಂದು ಗಳಿಗೆ ಹಿಡಿದು ನಿಂತರು. ಆಮೇಲೆ ಕನ್ನಡಕವನ್ನು ಹಣೆಗೆ ಏರಿಸಿ, ಬಗ್ಗಿ, ನಳಿಗೆಯೊಳಗೆ ನೋಡಿದರು.